ಇಲಿ ಜ್ವರದ ಪೋಸ್ಟರ್: ‘ಚೆನ್ನಾಗಿದೆಯಾ?’ ಎಂದು ಕೇಳುವ ಬದಲು ಏನು ಕೇಳಬೇಕು?

ಪ್ರಶ್ನೆ: ವಿರಾಜಪೇಟೆ ಕಡೆಯ ಕಾಫಿ ತೋಟಗಳಲ್ಲಿ ಮಳೆಗಾಲಕ್ಕೆ ಮುಂಚೆ ಇಲಿ ಜ್ವರದ ಪೋಸ್ಟರ್ ಹಾಕಬೇಕೆಂದಿದ್ದೇವೆ. ಮೊದಲು ಕಾರ್ಮಿಕರ ಗುಂಪಿಗೆ ತೋರಿಸಿದರೆ ಎಲ್ಲರೂ ‘ಚೆನ್ನಾಗಿದೆ’ ಅಂದುಬಿಡುತ್ತಾರೆ. ಚರ್ಚೆಯ ಪ್ರಶ್ನೆಗಳನ್ನು ಹೇಗೆ ಜೋಡಿಸಲಿ?

ಉತ್ತರ: ‘ಚೆನ್ನಾಗಿದೆಯಾ’ ಎಂದು ಕೇಳಿದರೆ ಎದುರಿಗೆ ಕೂತವರು ಮರ್ಯಾದೆಗೆ ಹೌದು ಅನ್ನುತ್ತಾರೆ. ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. ಪೋಸ್ಟರ್ ಅವರಿಗೆ ಏನು ಹೇಳಿತು ಎಂಬುದು ಮೊದಲು ಗೊತ್ತಾಗಬೇಕು. ಇಷ್ಟವಾಯಿತೋ ಇಲ್ಲವೋ ಎಂಬುದು ಆಮೇಲೆ.

ಒಂದು ಗುಂಪಿಗೆ 6ರಿಂದ 8 ಜನ, ಒಂದು ಗಂಟೆಯಿಂದ ಒಂದೂವರೆ ಗಂಟೆ ಸಾಕು. ಹೆಂಗಸರು, ಗಂಡಸರು ಬೇರೆ ಬೇರೆ ಕೂರಲಿ. ರೈಟರ್, ಮೇಸ್ತ್ರಿ ಆ ಜಾಗದಲ್ಲಿ ಇರಲೇಬಾರದು. ಅವರು ಪಕ್ಕದಲ್ಲಿದ್ದರೆ ‘ನಮಗೆ ಬೂಟು ಕೊಟ್ಟಿಲ್ಲ’ ಎಂದು ಯಾರು ಹೇಳುತ್ತಾರೆ?

ಮೊದಲ ಹತ್ತು ನಿಮಿಷ ಕಾಯಿಲೆಯ ಹೆಸರೇ ಎತ್ತಬೇಡಿ. ‘ಮಳೆಗಾಲದಲ್ಲಿ ಲೈನ್ ಮನೆಗಳಲ್ಲಿ ಏನೇನು ಕಾಯಿಲೆ ಬರುತ್ತೆ? ಜ್ವರ ಬಂದರೆ ಮೊದಲು ಏನು ಮಾಡ್ತೀರಿ?’ ಎಂದು ಶುರು ಮಾಡಿ. ಆಮೇಲೆ ಪೋಸ್ಟರ್ ತೋರಿಸಿ, ಸುಮ್ಮನಿರಿ. ವಿವರಿಸಬೇಡಿ. ಗೋಡೆಗೆ ಅಂಟಿಸಿದ ಮೇಲೆ ವಿವರಿಸಲು ನೀವು ಅಲ್ಲಿರುವುದಿಲ್ಲ, ಅಲ್ವಾ? ಚರ್ಚೆಗೆ ಮುಂಚೆ ಒಬ್ಬೊಬ್ಬರೂ ಮೊದಲು ಕಣ್ಣಿಗೆ ಬಿದ್ದದ್ದನ್ನು ಹೇಳಲಿ. ಇಲ್ಲದಿದ್ದರೆ ಮೊದಲು ಮಾತಾಡಿದವರ ಮಾತೇ ಎಲ್ಲರ ಮಾತಾಗುತ್ತದೆ.

ಮುಂದಿನದು ಮುಖ್ಯ ಪ್ರಶ್ನೆ: ‘ಇವತ್ತು ಬಾರದ ಪಕ್ಕದ ಮನೆಯವರಿಗೆ ಈ ಚಿತ್ರ ಏನು ಹೇಳುತ್ತೆ ಅಂತ ಹೇಗೆ ಹೇಳ್ತೀರಿ?’ ಇದಕ್ಕೆ ಜಾಸ್ತಿ ಸಮಯ ಕೊಡಿ. ಪೋಸ್ಟರಿನಲ್ಲಿ ಒಂದು ದೊಡ್ಡ ಇಲಿ, ಗದ್ದೆಯಲ್ಲಿ ಬೂಟು ಹಾಕಿ ನಿಂತ ಒಬ್ಬ ಮನುಷ್ಯ ಇದ್ದಾರೆ ಅಂದುಕೊಳ್ಳಿ. ‘ಇಲಿ ಕಚ್ಚಿದರೆ ಜ್ವರ ಬರುತ್ತೆ, ಅದಕ್ಕೇ ಬೂಟು’ ಎಂದು ಯಾರಾದರೂ ಹೇಳಿದರೆ ಪೋಸ್ಟರ್ ಸೋತಿದೆ ಎಂದೇ ಅರ್ಥ. ಇಲಿಯ, ದನದ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಗುಲಿದಾಗ ರೋಗ ಬರುತ್ತದೆ ಎಂಬ ಮುಖ್ಯ ಮಾತೇ ಅವರಿಗೆ ತಲುಪಿಲ್ಲ. ಆಗ ತಿದ್ದಲು ಹೋಗಬೇಡಿ. ‘ಚಿತ್ರದಲ್ಲಿ ಯಾವುದನ್ನು ನೋಡಿ ಹಾಗನ್ನಿಸಿತು?’ ಎಂದು ಕೇಳಿ, ಅವರು ಬೆರಳಿಟ್ಟು ತೋರಿಸಿದ್ದನ್ನು ಬರೆದುಕೊಳ್ಳಿ. ಬದಲಿಸಬೇಕಾದದ್ದು ಅಲ್ಲೇ ಇರುತ್ತದೆ. ಸರಿಯಾದ ಮಾಹಿತಿಯನ್ನು ಚರ್ಚೆ ಮುಗಿದ ಮೇಲೆ ಖಂಡಿತ ಹೇಳಿ. ತಪ್ಪು ತಿಳಿದುಕೊಂಡು ಅವರು ಮನೆಗೆ ಹೋಗಬಾರದು.

ಆಮೇಲೆ ‘ಇದು ಯಾರಿಗೆ ಹೇಳಿದ್ದು ಅನ್ನಿಸುತ್ತೆ?’ ಎಂದು ಕೇಳಿ. ‘ಗದ್ದೆಯವರಿಗೆ, ನಮಗಲ್ಲ’ ಎಂಬ ಉತ್ತರ ಬಂದರೆ ಚಿತ್ರದಲ್ಲಿ ತೋಟವೂ ಕಾಣಬೇಕು. ಕೊನೆಗೆ, ‘ನಾಳೆ ಕೆಲಸಕ್ಕೆ ಹೋಗುವಾಗ ಇದರಲ್ಲಿ ಯಾವುದನ್ನು ಮಾಡಬಹುದು? ಯಾವುದು ಆಗಲ್ಲ, ಯಾಕೆ?’ ಬೂಟು ಇಲ್ಲ, ಇದ್ದರೂ ಕೆಸರಲ್ಲಿ ಹೂತುಹೋಗುತ್ತದೆ ಎಂಬಂಥ ಮಾತು ಇಲ್ಲೇ ಹೊರಬರುವುದು. ಅಂಥದ್ದನ್ನು ಪೋಸ್ಟರ್ ತಿದ್ದಿ ಸರಿಮಾಡಲು ಆಗುವುದಿಲ್ಲ, ತೋಟದ ಮಾಲೀಕರ ಜೊತೆ ಮಾತಾಡಬೇಕು.

ಯರವ ಭಾಷೆಯವರ ಗುಂಪಾದರೆ ಆ ಭಾಷೆ ಬಲ್ಲವರೇ ಚರ್ಚೆ ನಡೆಸಲಿ. ಎರಡು ಪೋಸ್ಟರ್ ಇದ್ದರೆ ಒಂದು ಗುಂಪಿಗೆ ಮೊದಲು ತೋರಿಸಿದ್ದನ್ನು ಇನ್ನೊಂದು ಗುಂಪಿಗೆ ಎರಡನೆಯದಾಗಿ ತೋರಿಸಿ. ವರದಿಯಲ್ಲಿ ಮಾತ್ರ ‘ಶೇಕಡಾ ಇಷ್ಟು ಜನಕ್ಕೆ ಅರ್ಥವಾಯಿತು’ ಎಂದು ಬರೆಯಬೇಡಿ. ಜನ ಎಲ್ಲಿ, ಯಾಕೆ ಎಡವುತ್ತಾರೆ ಎಂಬುದನ್ನು ಇಷ್ಟು ಸಣ್ಣ ಗುಂಪು ತೋರಿಸಬಲ್ಲದು. ಎಷ್ಟು ಜನ ಎಂಬುದಕ್ಕೆ ಬೇರೆ ಸಮೀಕ್ಷೆಯೇ ಬೇಕು.