ಮಳೆಗೊಂದು ಅಕ್ಷ, ಸೆಖೆಗೊಂದು ಅಕ್ಷ

ಕರಾವಳಿಯಲ್ಲಿ ಅಡಿಕೆ ತೋಟ ಮಾಡುವ ನಮ್ಮ ಬಾವನಿಗೆ ಮಳೆ ಅಳೆಯುವ ಹುಚ್ಚು. ಅಂಗಳದ ಮಳೆಮಾಪಕದಿಂದ ದಿನಾ ಬೆಳಿಗ್ಗೆ ಅಳತೆ ತೆಗೆದು ಡೈರಿಯಲ್ಲಿ ಬರೆಯುತ್ತಾರೆ. ಜೊತೆಗೆ ಜಗಲಿಯ ಥರ್ಮಾಮೀಟರಿನ ಲೆಕ್ಕವೂ ಇದೆ. ಮೊನ್ನೆ ಅದನ್ನೆಲ್ಲ ತಿಂಗಳವಾರು ಕೂಡಿಸಿ ಎಕ್ಸೆಲ್‌ಗೆ ಹಾಕಿ, ಒಂದು ಚಾರ್ಟ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದರು. ಹಿಂದೆಯೇ ಫೋನು. "ಅಲ್ಲ ಮಾರಾಯ, ಏಪ್ರಿಲ್ ಸೆಖೆಗೆ ಬೆವರಿ ಸಾಯ್ತೇವೆ. ಇದರಲ್ಲಿ ನೋಡಿದ್ರೆ ವರ್ಷಪೂರ್ತಿ ಒಂದೇ ಹವೆ!"

ಚಾರ್ಟ್ ನೋಡಿದೆ. ಮಳೆಯ ಗೆರೆ ಜುಲೈನಲ್ಲಿ ಗುಡ್ಡದ ಹಾಗೆ ಎದ್ದು ನಿಂತಿದೆ. ತಾಪಮಾನದ ಗೆರೆ ಮಾತ್ರ ನೆಲಕ್ಕೆ ಬಿದ್ದ ದಾರದಂತೆ, ಜನವರಿಯಿಂದ ಡಿಸೆಂಬರ್‌ವರೆಗೆ ನೇರ ಮಲಗಿದೆ.

ಯಾಕೆ ಹೀಗೆ? ಅವರ ಸಂಖ್ಯೆಗಳನ್ನು ದುಂಡು ಮಾಡಿ ಹೇಳುತ್ತೇನೆ. ಜುಲೈನಲ್ಲಿ ಮಳೆ 1060 ಮಿ.ಮೀ. ಹಗಲಿನ ಗರಿಷ್ಠ ತಾಪಮಾನದ ಸರಾಸರಿ ಏಪ್ರಿಲ್‌ನಲ್ಲಿ 34 ಡಿಗ್ರಿ, ಜುಲೈನಲ್ಲಿ 29. ಎರಡನ್ನೂ ಒಂದೇ ಅಕ್ಷಕ್ಕೆ ಕಟ್ಟಿದಾಗ ಎಕ್ಸೆಲ್ ಸೊನ್ನೆಯಿಂದ 1200ರವರೆಗೆ ಅಳತೆ ಹಾಕಿಕೊಂಡಿತ್ತು. ಚಾರ್ಟ್ 12 ಸೆಂ.ಮೀ. ಎತ್ತರ ಇದೆ ಅಂದುಕೊಳ್ಳಿ. ಆಗ 100 ಅಂಕೆಗೆ ಒಂದು ಸೆಂ.ಮೀ. ಅಂದರೆ 34 ಡಿಗ್ರಿ ತಳದಿಂದ 3.4 ಮಿ.ಮೀ. ಮೇಲೆ ಬರುತ್ತದೆ, 29 ಡಿಗ್ರಿ 2.9 ಮಿ.ಮೀ. ಮೇಲೆ. ನಡುವಿನ ವ್ಯತ್ಯಾಸ ಅರ್ಧ ಮಿಲಿಮೀಟರ್. ಎಕ್ಸೆಲ್ ಸಾಮಾನ್ಯವಾಗಿ ಎಳೆಯುವ ಗೆರೆ 2.25 ಪಾಯಿಂಟ್ ದಪ್ಪ, ಅಂದರೆ ಸುಮಾರು 0.8 ಮಿ.ಮೀ. ಇಡೀ ವರ್ಷದ ಸೆಖೆ ಆ ಗೆರೆಯ ದಪ್ಪದೊಳಗೇ ಮುಳುಗಿ ಹೋಗಿತ್ತು.

ಇದಕ್ಕೆ ಮದ್ದು ಬಲಗಡೆ ಇನ್ನೊಂದು ಅಕ್ಷ. ಎಕ್ಸೆಲ್ ಅದನ್ನು Secondary Axis ಅನ್ನುತ್ತದೆ. ಮಿಲಿಮೀಟರು ಎಡಕ್ಕೆ, ಡಿಗ್ರಿ ಬಲಕ್ಕೆ. ಮಾಡುವುದೇನೋ ಸುಲಭ, ಆದರೆ ಮೊದಲ ಹೆಜ್ಜೆಯಲ್ಲೇ ಜನ ಎಡವುತ್ತಾರೆ. ತಾಪಮಾನದ ಗೆರೆಯ ಮೇಲೆ ರೈಟ್ ಕ್ಲಿಕ್ ಮಾಡಬೇಕು, ಆದರೆ ನೆಲಕ್ಕಂಟಿದ ಗೆರೆ ಮೌಸ್‌ಗೆ ಸಿಗಬೇಕಲ್ಲ! ಬಾವ ಹತ್ತು ಸಲ ಒತ್ತಿದರು, ಹತ್ತು ಸಲವೂ ಅಡ್ಡ ಅಕ್ಷ ಸಿಕ್ಕಿತು. ಮೌಸ್ ಜೊತೆ ಗುದ್ದಾಡುವ ಬದಲು ಚಾರ್ಟ್ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಮೇಲೆ Format ಟ್ಯಾಬ್‌ಗೆ ಹೋಗಿ. ಎಡತುದಿಯಲ್ಲಿ Current Selection ಅನ್ನುವ ಗುಂಪಿನಲ್ಲಿ ಒಂದು ಪಟ್ಟಿ ಇದೆ. ಅದರಲ್ಲಿ ತಾಪಮಾನದ ಸರಣಿಯನ್ನು ಆರಿಸಿ, ಕೆಳಗಿನ Format Selection ಒತ್ತಿ. ಬಲಕ್ಕೆ ತೆರೆದುಕೊಳ್ಳುವ ಫಲಕದಲ್ಲಿ Plot Series On ಅಂತ ಇರುತ್ತದೆ. ಅಲ್ಲಿ Secondary Axis ಗುರುತು ಮಾಡಿದರೆ ದಾರ ಎದ್ದು ಕೂರುತ್ತದೆ.

ಮಳೆಗೆ ಕಂಬ, ತಾಪಮಾನಕ್ಕೆ ಗೆರೆ ಇದ್ದರೆ ಇನ್ನೂ ಚೆಂದ. ಅದಕ್ಕೆ Chart Design ಟ್ಯಾಬಿನ Change Chart Type ತೆರೆದು, ಕೆಳಗಿನ Combo ಆರಿಸಿ. ಒಂದೊಂದು ಸರಣಿಯ ಮುಂದೆಯೂ ಯಾವ ಬಗೆಯ ಚಾರ್ಟ್ ಎಂಬ ಪಟ್ಟಿ ಮತ್ತು Secondary Axis ಚೌಕ ಕಾಣಿಸುತ್ತದೆ. ಎರಡನ್ನೂ ಕಂಬವಾಗಿಯೇ ಇಡಲು ಹೋಗಬೇಡಿ. ಬೇರೆ ಬೇರೆ ಅಕ್ಷದ ಕಂಬಗಳಿಗೆ ಪರಸ್ಪರ ಪರಿಚಯವೇ ಇರುವುದಿಲ್ಲ. ಪಕ್ಕಪಕ್ಕ ನಿಲ್ಲುವ ಬದಲು ಒಂದರ ಮೇಲೊಂದು ನಿಂತು, ಹಿಂದಿನದನ್ನು ಮುಂದಿನದು ಮುಚ್ಚಿಬಿಡುತ್ತದೆ.

ಇಷ್ಟಾದ ಮೇಲೆ ಬಾವ ಖುಷಿಯಾಗಿ ಇಟ್ಟುಬಿಡುವವರಿದ್ದರು. ನನಗೆ ಮಾತ್ರ ಬಲಗಡೆಯ ಅಕ್ಷದ ಮೇಲೆ ಅನುಮಾನ. ಅದು 26ರ ಹತ್ತಿರದಿಂದ ಶುರುವಾಗಿ 35ಕ್ಕೆ ಮುಗಿದಿತ್ತು. ಹಾಗಾಗಿ ಏಪ್ರಿಲ್‌ನಿಂದ ಜುಲೈಗೆ ಬರುವ ಐದು ಡಿಗ್ರಿ ಇಳಿತ ಪ್ರಪಾತದ ಹಾಗೆ ಕಾಣುತ್ತಿತ್ತು. ಮೊದಲು ಏನೂ ಕಾಣಿಸದ ಸೆಖೆ ಈಗ ಜಾಸ್ತಿಯೇ ಕಾಣಿಸುತ್ತಿದೆ, ಅಲ್ವಾ?

ಇದರ ಹಿಂದೆ ಒಂದು ಲೆಕ್ಕ ಇದೆ. ಸರಣಿಯ ಅತಿ ದೊಡ್ಡ ಮತ್ತು ಅತಿ ಸಣ್ಣ ಸಂಖ್ಯೆಗಳ ನಡುವಿನ ಅಂತರ, ದೊಡ್ಡದರ ಆರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಎಕ್ಸೆಲ್ ಅಕ್ಷವನ್ನು ಸೊನ್ನೆಯಿಂದ ಶುರು ಮಾಡುವುದಿಲ್ಲ. 34ರ ಆರನೇ ಒಂದು ಭಾಗ ಸುಮಾರು 5.7. ನಮ್ಮ ಅಂತರ 5. ಹಾಗಾಗಿ ಸೊನ್ನೆ ಬಿಟ್ಟುಹೋಯಿತು. ಸುಮ್ನೆ ಪರೀಕ್ಷೆಗೆ ಜುಲೈನ 29ನ್ನು 28 ಮಾಡಿ ನೋಡಿ. ಅಂತರ 6 ಆಗುತ್ತದೆ. ಬಲಗಡೆಯ ಅಕ್ಷ ಥಟ್ಟನೆ ಸೊನ್ನೆಯಿಂದ 40ಕ್ಕೆ ಜಿಗಿಯುತ್ತದೆ, ಪ್ರಪಾತ ಹೋಗಿ ಸಣ್ಣ ಇಳಿಜಾರು ಉಳಿಯುತ್ತದೆ. ಹಾಳೆಯ ಒಂದು ಮನೆಯಲ್ಲಿ ಒಂದು ಡಿಗ್ರಿ ಬದಲಾದದ್ದಕ್ಕೆ ಇಡೀ ವರ್ಷದ ಕಥೆಯೇ ಬದಲಾಯಿತು. ಹೋದ ವರ್ಷದ ಚಾರ್ಟಿನ ಪಕ್ಕ ಈ ವರ್ಷದ್ದನ್ನು ಇಟ್ಟು ಹೋಲಿಸುವವರು ಇದಕ್ಕೆ ಸುಲಭವಾಗಿ ಬೇಸ್ತು ಬೀಳುತ್ತಾರೆ.

ಆದ್ದರಿಂದ ಅಳತೆಯನ್ನು ಎಕ್ಸೆಲ್‌ಗೆ ಬಿಡದೆ ನಾವೇ ಕೊಡಬೇಕು. ಅಕ್ಷದ ಸಂಖ್ಯೆಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ Bounds ಮತ್ತು Units ಸಿಗುತ್ತವೆ. ಎಡಕ್ಕೆ 0ಯಿಂದ 1200, ಹೆಜ್ಜೆಗೆ 300. ಬಲಕ್ಕೆ 0ಯಿಂದ 40, ಹೆಜ್ಜೆಗೆ 10. ಎರಡೂ ಕಡೆ ನಾಲ್ಕೇ ಹೆಜ್ಜೆ ಆದ್ದರಿಂದ ಅಡ್ಡಗೆರೆಗಳು ಎರಡಕ್ಕೂ ಕೂಡುತ್ತವೆ. ಇದು ಬರೀ ಅಂದದ ಮಾತಲ್ಲ. ಆ ಅಡ್ಡಗೆರೆಗಳು ಎಡ ಅಕ್ಷಕ್ಕೆ ಸೇರಿದವು. ಬಲಗಡೆ ಎಂಟು ಹೆಜ್ಜೆ ಇದ್ದರೆ ಓದುವವರು ತಾಪಮಾನವನ್ನು ತಪ್ಪು ಗೆರೆಗೆ ಹಿಡಿದು ಓದುತ್ತಾರೆ.

ಇನ್ನೊಂದು ಎಚ್ಚರ. ಬಲಗಡೆಯ ಅಂಕೆಗಳು ಗಿಜಿಗಿಜಿ ಅನ್ನಿಸಿತು ಅಂತ ಅಕ್ಷವನ್ನು ಆರಿಸಿ Delete ಒತ್ತಬೇಡಿ. ಅಕ್ಷ ಹೋದ ಕೂಡಲೇ ತಾಪಮಾನ ಮತ್ತೆ ಎಡಗಡೆಯ ಅಳತೆಗೆ ಬಿದ್ದು ನೆಲಕ್ಕಂಟುತ್ತದೆ. ಮರೆಸಬೇಕಿದ್ದರೆ Labels ಒಳಗೆ Label Position ಅನ್ನು None ಮಾಡಿದರೆ ಸಾಕು. ಆದರೆ ಯಾಕೆ ಮರೆಸಬೇಕು? ಗೆರೆಯ ಬಣ್ಣವನ್ನೇ ಆ ಅಂಕೆಗಳಿಗೂ ಕೊಡಿ. ಯಾವುದು ಯಾರದ್ದು ಅಂತ ಕೇಳುವ ಪ್ರಮೇಯವೇ ಬರುವುದಿಲ್ಲ.

ಈ ಹಂತದಲ್ಲಿ ಬಾವ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. "ಮೇ ಮುಗಿದು ಜೂನ್ ಬರುವಾಗ ಮಳೆಯ ಕಂಬ ಸೆಖೆಯ ಗೆರೆ ಹತ್ತಿರ ಬಂತಲ್ಲ, ಜುಲೈಯಲ್ಲಿ ದಾಟಿಯೂ ಹೋಯ್ತು. ಅದಕ್ಕೆ ಏನರ್ಥ?" ಏನೂ ಇಲ್ಲ. ಬಲಗಡೆಯ 40ನ್ನು 50 ಮಾಡಿದರೆ ಗೆರೆ ಕೆಳಗಿಳಿದು ಜೂನ್‌ನ ಕಂಬವೂ ದಾಟುತ್ತದೆ. 30 ಡಿಗ್ರಿಗೂ 900 ಮಿ.ಮೀ.ಗೂ ನಂಟು ಕಟ್ಟಿದ್ದು ಹವಾಮಾನವಲ್ಲ, ನಾವು Bounds ಒಳಗೆ ಟೈಪ್ ಮಾಡಿದ ಅಂಕೆ. ಎರಡು ಅಕ್ಷದ ಚಾರ್ಟಿನಲ್ಲಿ ಕಣ್ಣು ಮೊದಲು ಹೋಗುವುದು ದಾಟುವ ಜಾಗಕ್ಕೇ, ಆದರೆ ಅಲ್ಲಿ ಓದುವಂಥದ್ದು ಏನೂ ಇರುವುದಿಲ್ಲ.

ಹಾಗಂತ ಅರ್ಥವಿರುವಂತೆ ಕಟ್ಟಲು ಆಗುವುದೇ ಇಲ್ಲ ಅಂತಲ್ಲ. ಆನ್ರಿ ಗೋಸೆನ್ ಅಂತ ಒಬ್ಬ ಫ್ರೆಂಚ್ ಸಸ್ಯವಿಜ್ಞಾನಿ ಇದ್ದರು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಜೊತೆ ಸೇರಿ ನಮ್ಮ ಕಡೆಯ ಕಾಡುಗಳ ನಕ್ಷೆ ಮಾಡಿಸಿದವರೂ ಅವರೇ. 1953ರಲ್ಲಿ ಬಾನ್ಯೂಲ್ ಎಂಬವರ ಜೊತೆ ಅವರೊಂದು ಅಂದಾಜು ನಿಯಮ ಕೊಟ್ಟರು. ತಿಂಗಳ ಮಳೆ ಮಿಲಿಮೀಟರಿನಲ್ಲಿ, ಆ ತಿಂಗಳ ಸರಾಸರಿ ತಾಪಮಾನದ ಎರಡರಷ್ಟಕ್ಕಿಂತ ಕಡಿಮೆಯಿದ್ದರೆ ಅದು ಗಿಡಗಳಿಗೆ ಒಣ ತಿಂಗಳು. ಬಿಸಿ ಹೆಚ್ಚಾದಂತೆ ನೀರು ಆವಿಯಾಗುವುದೂ ಹೆಚ್ಚು, ಹಾಗಾಗಿ ಬಿಸಿ ತಿಂಗಳಿಗೆ ಹೆಚ್ಚು ಮಳೆ ಬೇಕು ಎನ್ನುವುದು ಅದರ ಹಿಂದಿನ ಯೋಚನೆ. ಅಕ್ಷಗಳನ್ನು 10 ಡಿಗ್ರಿಗೆ 20 ಮಿ.ಮೀ. ಲೆಕ್ಕದಲ್ಲಿ ಕಟ್ಟಿದರೆ, ಗೆರೆಯ ಕೆಳಗೆ ಉಳಿದ ಕಂಬಗಳೆಲ್ಲ ಒಣ ತಿಂಗಳು. ಈಗ ದಾಟುವ ಜಾಗಕ್ಕೂ ಅರ್ಥ ಬಂತು. ನೆನಪಿಡಿ, ಇಲ್ಲಿ ಹಗಲಿನ ಗರಿಷ್ಠ ಅಲ್ಲ, ಹಗಲು ರಾತ್ರಿ ಸೇರಿದ ಸರಾಸರಿ ಬೇಕು. ಬಾವನ ಹಾಳೆಯಲ್ಲಿ ಅದು 26ರಿಂದ 29.

ಆದರೆ ಕರಾವಳಿಯ ಮಳೆ ಫ್ರೆಂಚರ ಲೆಕ್ಕಕ್ಕೆಲ್ಲ ಬಗ್ಗುತ್ತದೆಯೇ? ಎಡಕ್ಕೆ 1200 ಇದ್ದರೆ ಬಲಕ್ಕೆ 600 ಡಿಗ್ರಿ ಇಡಬೇಕು! ದಾರ ಮತ್ತೆ ನೆಲಕ್ಕೆ. ಜರ್ಮನಿಯ ಸಸ್ಯವಿಜ್ಞಾನಿ ಹೈನ್ರಿಖ್ ವಾಲ್ಟರ್ ಇದಕ್ಕೊಂದು ದಾರಿ ಮಾಡಿಟ್ಟಿದ್ದರು. ತಮ್ಮ ಹವಾಮಾನ ಚಿತ್ರಗಳಲ್ಲಿ 100 ಮಿ.ಮೀ. ದಾಟಿದ ಮಳೆಯನ್ನು ಹತ್ತರಲ್ಲಿ ಒಂದಕ್ಕೆ ಕುಗ್ಗಿಸಿ ಬರೆಯುತ್ತಿದ್ದರು. ಎಕ್ಸೆಲ್‌ನಲ್ಲಿ ಹೀಗೆ ನಡುವೆ ಅಳತೆ ಬದಲಿಸುವ ಅಕ್ಷ ಇಲ್ಲ. ಆದರೆ ಒಂದು ಹೊಸ ಕಾಲಂ ಸೇರಿಸಬಹುದು. ಮಳೆ B ಕಾಲಂನಲ್ಲಿದ್ದರೆ:

```
=IF(B2<=100,B2,100+(B2-100)/10)
```

ಜುಲೈನ 1060 ಈಗ 196 ಆಗುತ್ತದೆ. ಏಪ್ರಿಲ್‌ನ 40 ಹಾಗೇ 40. ಮಳೆಯ ಕಂಬಗಳನ್ನು ಈ ಕಾಲಂನಿಂದ ಮಾಡಿ. ಎಡ ಅಕ್ಷ 0ಯಿಂದ 200, ಹೆಜ್ಜೆ 50. ಬಲ ಅಕ್ಷ 0ಯಿಂದ 100, ಹೆಜ್ಜೆ 25. ಉಳಿದ ತೊಂದರೆ ಒಂದೇ. ಎಡಗಡೆ 150 ಮತ್ತು 200 ಅಂತ ಕಾಣುವುದು ಸುಳ್ಳು. ಅವು ನಿಜಕ್ಕೂ 600 ಮತ್ತು 1100 ಮಿ.ಮೀ. ಅಕ್ಷದ Number ವಿಭಾಗದಲ್ಲಿ Format Code ಜಾಗಕ್ಕೆ ಇದನ್ನು ಬರೆದು Add ಒತ್ತಿ:

```
[=150]"600";[=200]"1100";0
```

ಅಕ್ಷ ಈಗ 0, 50, 100, 600, 1100 ಎಂದು ತೋರಿಸುತ್ತದೆ. ಈ ಸೂತ್ರದಲ್ಲಿ ಎರಡೇ ಷರತ್ತಿಗೆ ಜಾಗ, ಅದಕ್ಕೇ ಹೆಜ್ಜೆ 50 ಇಟ್ಟದ್ದು. ನೂರರ ಮೇಲೆ ಅಳತೆ ಕುಗ್ಗಿದೆ ಅಂತ ಚಾರ್ಟಿನಲ್ಲೇ ಒಂದು ಸಾಲು ಬರೆಯಲೇಬೇಕು. ಬರೆಯದಿದ್ದರೆ ಜುಲೈನ ಮಳೆ ಏಪ್ರಿಲ್‌ನ ಐದು ಪಟ್ಟು ಮಾತ್ರ ಅಂತ ಜನ ನಂಬುತ್ತಾರೆ. ನಿಜ 26 ಪಟ್ಟಿಗೂ ಜಾಸ್ತಿ.

ಹೊಸ ಚಾರ್ಟ್ ಬಾವನಿಗೆ ಕಳಿಸಿದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಕಂಬಗಳು ಗೆರೆಯ ಕೆಳಗೆ, ಮೇ ತಿಂಗಳದ್ದು 170 ಮಿ.ಮೀ. ಮಳೆಯೊಂದಿಗೆ ಗೆರೆಯ ಮೇಲೆ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. "ಏಪ್ರಿಲ್‌ನಲ್ಲಿ ನಾಲ್ಕು ಹನಿ ಬಿತ್ತು ಅಂತ ಪಂಪು ನಿಲ್ಲಿಸಿದ್ದೆ. ನಿನ್ನ ಅಕ್ಕ ಬೇಡ ಅಂದಿದ್ದಳು. ಈ ಚಾರ್ಟ್ ಅವಳಿಗೆ ತೋರಿಸುವುದು ಬೇಡ."