ಎದ್ದಾಗ ಕತ್ತು ತಿರುಗುತ್ತಿಲ್ಲ: ಉಳುಕಾ, ಬೇರೆ ಏನಾದ್ರೂನಾ?

ಪ್ರಶ್ನೆ: ನನಗೆ 41 ವರ್ಷ, ತೀರ್ಥಹಳ್ಳಿ ಕಡೆಯವನು. ಎರಡು ದಿನದಿಂದ ತೋಟದಲ್ಲಿ ಅಡಿಕೆ ಕೊನೆ ಕೊಯ್ಲು, ದೋಟಿ ನಾನೇ ಹಿಡಿದಿದ್ದೆ. ನಿನ್ನೆ ರಾತ್ರಿ ಸುಸ್ತಾಗಿ ಜಗಲಿಯಲ್ಲೇ ಕೈಯನ್ನು ದಿಂಬು ಮಾಡಿಕೊಂಡು ಮಲಗಿಬಿಟ್ಟೆ. ಬೆಳಿಗ್ಗೆ ಎದ್ದರೆ ಕತ್ತು ಬಲಕ್ಕೆ ತಿರುಗುತ್ತಲೇ ಇಲ್ಲ. ಜ್ವರ ಇಲ್ಲ. ಅಮ್ಮ ಉಳುಕು ಅಂತಾರೆ, ಪಕ್ಕದ ಮನೆಯವರು ಮಂಗನ ಕಾಯಿಲೆಗೂ ಕತ್ತು ಹಿಡಿಯುತ್ತೆ ಅಂತ ಹೆದರಿಸಿದ್ದಾರೆ. ಯಾವುದು ಅಂತ ಗೊತ್ತಾಗೋದು ಹೇಗೆ? ನಾಳೆ ದೋಟಿ ಹಿಡಿಯಬಹುದಾ?

ಉತ್ತರ: ನೀವು ಬರೆದಿದ್ದನ್ನು ನೋಡಿದರೆ ಹೆಚ್ಚಾಗಿ ಅಮ್ಮ ಹೇಳಿದ್ದೇ ಸರಿ. ಆದರೆ ಪಕ್ಕದ ಮನೆಯವರ ಮಾತನ್ನೂ ತಳ್ಳಿಹಾಕಬೇಡಿ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಕೆಲಸ ಮಾಡಿ. ಎಡಗೈಯನ್ನು ಬಲ ಹೆಗಲ ಮೇಲಿಂದ ಹಿಂದಕ್ಕೆ ಹಾಕಿ, ಹೆಗಲಿನ ಹಿಂದೆ ಇರುವ ಅಗಲ ಎಲುಬಿನ ಮೇಲ್ತುದಿ, ಬೆನ್ನುಮೂಳೆ ಕಡೆಗಿನ ಮೂಲೆ, ಅಲ್ಲಿ ಬೆರಳಿನಿಂದ ಒತ್ತಿ ನೋಡಿ. ಒಂದು ಗಟ್ಟಿ ಗಂಟು ಸಿಕ್ಕಿ, ಒತ್ತಿದ ಕೂಡಲೇ "ಅಯ್ಯೋ, ಇದೇ ನೋವು" ಅನ್ನಿಸಿತಾ? ಕತ್ತಿನ ಮೇಲ್ಭಾಗದ ನಾಲ್ಕು ಮೂಳೆಗಳಿಂದ ಹೊರಟು ಈ ಮೂಲೆಗೆ ಬಂದು ಅಂಟುವ ಸ್ನಾಯುವಿಗೆ ಲಿವೇಟರ್ ಸ್ಕ್ಯಾಪುಲೆ ಅಂತ ಹೆಸರು. ಬೆಳಿಗ್ಗೆ ಎದ್ದಾಗ ಹಿಡಿದುಕೊಳ್ಳುವ ಕತ್ತಿನಲ್ಲಿ ಬಹಳ ಸಲ ನೋವು ಕೂತಿರುವುದು ಇಲ್ಲೇ. ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಕೊಯ್ಲಿನ ಕಾಲದಲ್ಲಿ ಇಂಥವರು ಜಾಸ್ತಿ ಬರುತ್ತಾರೆ. ಹಿಂದಿನಿಂದ ಕರೆದರೆ ಕತ್ತು ತಿರುಗಿಸಲ್ಲ, ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾರೆ. ಬಾಗಿಲಲ್ಲಿ ಕಂಡಾಗಲೇ ಗೊತ್ತಾಗಿಬಿಡುತ್ತದೆ.

ತಪ್ಪು ಬರೀ ಮಲಗಿದ ರೀತಿಯದಲ್ಲ. ಮೊದಲು ಮರ ಹತ್ತಿ ಕೊನೆ ಇಳಿಸುತ್ತಿದ್ದರು. ಈಗ ನೆಲದ ಮೇಲೇ ನಿಂತು ಫೈಬರ್ ದೋಟಿಯಲ್ಲಿ ಎಳೆಯುತ್ತೇವೆ. ಮರದಿಂದ ಬೀಳುವ ಭಯ ತಪ್ಪಿತು, ಅದು ದೊಡ್ಡ ವಿಷಯ. ಆದರೆ ಗಂಟೆಗಟ್ಟಲೆ ತಲೆ ಹಿಂದಕ್ಕೆ ಹಾಕಿ ಮೇಲೆ ನೋಡುತ್ತಾ, ಜೊತೆಗೆ ಎರಡೂ ಕೈಯಲ್ಲಿ ಉದ್ದದ ಕೋಲಿನ ಭಾರ. ಸಂಜೆ ಹೊತ್ತಿಗೆ ಆ ಸ್ನಾಯು ಸೋತಿರುತ್ತದೆ. ಆಮೇಲೆ ಕೈ ಮೇಲೆ ತಲೆಯಿಟ್ಟು ಒಂದೇ ಮಗ್ಗುಲಲ್ಲಿ ನಾಲ್ಕೈದು ಗಂಟೆ ಮಲಗಿದರೆ ಕತ್ತು ಸೊಟ್ಟಗೇ ಉಳಿಯುತ್ತದೆ, ಗಾಢ ನಿದ್ದೆಯಲ್ಲಿ ಮಗ್ಗುಲು ಬದಲಿಸುವುದೂ ಕಡಿಮೆ. ಏಳುವಾಗ ತಟ್ಟನೆ ತಿರುಗಿದಿರಿ ಅನ್ನಿ, ಕತ್ತಿನ ಮೂಳೆಗಳ ನಡುವಿನ ಸಣ್ಣ ಕೀಲು ಕೆರಳುತ್ತದೆ, ಅದನ್ನು ಅಲುಗಾಡಿಸದಂತೆ ಕಾಯಲು ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ನಾವು ಉಳುಕು ಅನ್ನುವುದು ಇದನ್ನೇ. ಮೂಳೆ ಜಾರಿರುವುದಿಲ್ಲ, ನರ ತಿರುಚಿಕೊಂಡಿರುವುದೂ ಇಲ್ಲ.

ಹಾಗಾಗಿ ಯಾರಿಗೂ ಕತ್ತು ಕೊಟ್ಟು "ಲಟಕ್" ಅನ್ನಿಸಿಕೊಳ್ಳಬೇಡಿ. ಸಲೂನಿನಲ್ಲೂ ಬೇಡ, ಉಳುಕು ತೆಗೆಯುವವರ ಹತ್ತಿರವೂ ಬೇಡ. ಮಿದುಳಿಗೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕತ್ತಿನ ಮೂಳೆಗಳ ತೂತುಗಳೊಳಗೇ ಹಾದುಹೋಗುತ್ತವೆ. ಜೋರಾಗಿ ತಿರುಚಿದಾಗ ಅದರ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. ಅಪರೂಪ ನಿಜ, ಆದರೆ ಒಂದು ವಾರದಲ್ಲಿ ತಾನೇ ಹೋಗುವ ನೋವಿಗೆ ಅಷ್ಟು ದೊಡ್ಡ ಅಪಾಯ ಯಾಕೆ? ಮೆಲ್ಲಗೆ ಎಣ್ಣೆ ಸವರಿ ತಿಕ್ಕಿದರೆ ತೊಂದರೆ ಇಲ್ಲ.

ಇವತ್ತು ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ 15ರಿಂದ 20 ನಿಮಿಷ ಆ ಗಂಟಿನ ಮೇಲೆ ಇಡಿ. ಬಿಸಿ ಇರುವಾಗಲೇ ಕತ್ತನ್ನು ಮೊದಲು ಸಲೀಸಾದ ಕಡೆಗೆ, ಅಂದರೆ ಎಡಕ್ಕೆ, ನಿಧಾನವಾಗಿ ತಿರುಗಿಸಿ. ಆಮೇಲೆ ಬಲಕ್ಕೆ, ನೋವು ಶುರುವಾಗುವ ಜಾಗದವರೆಗೆ ಮಾತ್ರ. ಎರಡು ಮೂರು ಸೆಕೆಂಡ್ ನಿಲ್ಲಿಸಿ ವಾಪಸ್ ಬನ್ನಿ. ಐದಾರು ಸಲ ಸಾಕು, ಎರಡು ಗಂಟೆಗೊಮ್ಮೆ ಮತ್ತೆ ಮಾಡಿ. ನೋವಿದೆ ಅಂತ ಕತ್ತನ್ನು ಕಂಬದ ಹಾಗೆ ಹಿಡಿದುಕೊಂಡು ಕೂತರೆ ಬಿಗಿತ ಹೆಚ್ಚಾಗುತ್ತದೆ, ಅದಕ್ಕೇ ಕತ್ತಿಗೆ ಹಾಕುವ ಪಟ್ಟಿಯೂ ಬೇಡ. ಕೂತಾಗ ಬಲಗೈ ಕೆಳಗೆ ಒಂದು ದಿಂಬು ಇಟ್ಟುಕೊಳ್ಳಿ. ಕೈಯ ಭಾರ ಇಳಿದರೆ ಆ ಸ್ನಾಯುವಿಗೆ ಎಷ್ಟು ಹಾಯಾಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ನೋವು ಜಾಸ್ತಿ ಇದ್ದರೆ 650ರ ಪ್ಯಾರಾಸಿಟಮಾಲ್, ಆರು ಗಂಟೆಗೊಂದು, ದಿನಕ್ಕೆ ನಾಲ್ಕು ಮೀರಬಾರದು. ಲಿವರ್ ತೊಂದರೆ ಇದ್ದರೆ ಇದನ್ನೂ ಡಾಕ್ಟರನ್ನು ಕೇಳಿ ತಗೊಳ್ಳಿ. ಅದಕ್ಕಿಂತ ಜೋರಿನ ನೋವಿನ ಮಾತ್ರೆಯನ್ನು ಅಂಗಡಿಯಲ್ಲಿ ಸುಮ್ನೆ ಕೇಳಿ ನುಂಗಬೇಡಿ, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಅದು ಕೆಟ್ಟದು ಮಾಡುತ್ತದೆ.

ಈಗ ಮಂಗನ ಕಾಯಿಲೆ ವಿಷಯ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡುಬಂದ ಕಾಯಿಲೆ ಇದು, ಕಾಡಿನ ಉಣುಗು ಕಚ್ಚಿ ಬರುತ್ತದೆ. ಕೊಯ್ಲು ನಡೆಯುವ ಚಳಿಗಾಲದಲ್ಲೇ ಅದೂ ಶುರುವಾಗುವುದರಿಂದ ಭಯ ಸಹಜ. ಆದರೆ ಅದು ಬರೀ ಕತ್ತು ನೋವಾಗಿ ಶುರುವಾಗುವುದಿಲ್ಲ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ಎಲ್ಲ ನೋವು ಮೊದಲು ಬರುತ್ತದೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು, ಮತ್ತೆ ಜ್ವರ ಬರುತ್ತದೆ. ಕತ್ತು ಬಿಗಿಯುವುದು, ಕೈ ನಡುಗುವುದು, ಮಾತು ಗಲಿಬಿಲಿಯಾಗುವುದು ಹೆಚ್ಚಾಗಿ ಈ ಎರಡನೇ ಸುತ್ತಿನಲ್ಲಿ. ಆದ್ದರಿಂದ ಹೋದ ತಿಂಗಳು ಜ್ವರ ಬಂದಿತ್ತಾ ಅಂತ ನೆನಪು ಮಾಡಿಕೊಳ್ಳಿ. ಬಂದಿದ್ದರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ.

ಕತ್ತು ಯಾವ ದಿಕ್ಕಿಗೆ ತಿರುಗುತ್ತಿಲ್ಲ ಅನ್ನುವುದೂ ಸುಳಿವು ಕೊಡುತ್ತದೆ. ಉಳುಕಿನಲ್ಲಿ ಸಾಮಾನ್ಯವಾಗಿ ಒಂದು ಪಕ್ಕಕ್ಕೆ ತಿರುಗಿಸುವುದು ಕಷ್ಟ, ಗಲ್ಲವನ್ನು ಎದೆಗೆ ತಾಗಿಸಲು ಸ್ವಲ್ಪ ಹಿಡಿದರೂ ಆಗುತ್ತದೆ. ಮಿದುಳಿನ ಪೊರೆಗೆ ಸೋಂಕಾದಾಗ ಪಕ್ಕಕ್ಕೆ ತಿರುಗಬಹುದು, ಆದರೆ ತಲೆ ಬಗ್ಗಿಸಲು ಹೋದರೆ ಕತ್ತು ಹಲಗೆಯಂತೆ ನಿಲ್ಲುತ್ತದೆ. ಹಾಗಂತ ಗಲ್ಲ ತಾಗಿತು, ಇನ್ನು ಭಯವಿಲ್ಲ ಅಂದುಕೊಳ್ಳಬೇಡಿ, ಶುರುವಿನಲ್ಲಿ ತಾಗಬಹುದು. ಜ್ವರದ ಜೊತೆ ಜೋರು ತಲೆನೋವು, ವಾಂತಿ, ಬೆಳಕು ನೋಡಲಾಗದಿರುವುದು ಅಥವಾ ಮಂಪರು ಇದ್ದರೆ ಬೆಳಗಾಗಲಿ ಅಂತ ಕಾಯದೆ ಮೆಗ್ಗಾನ್ ಆಸ್ಪತ್ರೆಗೋ, ಹತ್ತಿರದ ದೊಡ್ಡ ಆಸ್ಪತ್ರೆಗೋ ಹೊರಡಿ.

ಜ್ವರ ಇಲ್ಲದೆಯೂ ಓಡಬೇಕಾದ ಸಂದರ್ಭಗಳಿವೆ. ಕತ್ತು ನೋವಿನ ಜೊತೆ ತಲೆ ತಿರುಗಿ, ಮಾತು ತೊದಲಿ, ಕಣ್ಣಿನ ರೆಪ್ಪೆ ಜೋತುಬಿದ್ದರೆ, ಅಥವಾ ಎದೆ ಬಿಗಿದು, ಬೆವರು ಬಂದು, ನೋವು ದವಡೆಗೆ, ಕೈಗೆ ಹರಡಿದರೆ 108ಕ್ಕೆ ಫೋನ್ ಮಾಡಿ. ಕೈ ಬಲ ಕಡಿಮೆಯಾಗಿ ಲೋಟ ಜಾರುವುದು, ನಡೆಯುವಾಗ ಕಾಲು ತಡವರಿಸುವುದು, ಮೂತ್ರ ಹಿಡಿತ ತಪ್ಪುವುದು ಕಂಡರೆ, ಇಲ್ಲವೇ ಬಿದ್ದ ಮೇಲೆ ಕತ್ತು ನೋವು ಶುರುವಾಗಿದ್ದರೆ ಅವತ್ತೇ ತೋರಿಸಿ. ವಾಂತಿ ನಿಲ್ಲಲು ಮಾತ್ರೆ, ಇಂಜೆಕ್ಷನ್ ತಗೊಂಡ ಮೇಲೆ ಕತ್ತು ಒಂದು ಕಡೆಗೆ ತಿರುಚಿಕೊಂಡು ಕಣ್ಣು ಮೇಲಕ್ಕೆ ಹೋದರೆ ಅದು ಆ ಔಷಧಿಯ ಅಡ್ಡಪರಿಣಾಮ ಇರಬಹುದು. ನೋಡಲು ಗಾಬರಿಯಾಗುತ್ತದೆ, ಆದರೆ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್‌ಗೆ ಬೇಗ ಸರಿಹೋಗುತ್ತದೆ.

ನಿಮ್ಮ ಕೊನೆಯ ಪ್ರಶ್ನೆ. ನಾಳೆ ದೋಟಿ ಬೇಡ, ಬೈಕೂ ಬೇಡ, ಹಿಂದೆ ಬರುವ ಗಾಡಿ ನೋಡಲು ಕತ್ತು ತಿರುಗಲೇಬೇಕಲ್ವಾ. ಮೊದಲೆರಡು ದಿನ ನೋವು ಜೋರು, ಮೂರು ನಾಲ್ಕನೇ ದಿನಕ್ಕೆ ಅರ್ಧ ಇಳಿಯಬೇಕು, ಒಂದು ವಾರಕ್ಕೆ ಬಹುಪಾಲು ಹೋಗಬೇಕು. ಹತ್ತು ದಿನವಾದರೂ ಹಾಗೇ ಇದ್ದರೆ ಡಾಕ್ಟರನ್ನು ನೋಡಿ. ಎರಡೂ ಕಡೆ ಸಮನಾಗಿ ತಿರುಗಲು ಶುರುವಾದ ಮೇಲೆ ದೋಟಿ ಹಿಡಿಯಿರಿ, ಆದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇನ್ನೊಬ್ಬರ ಕೈಗೆ ಕೊಟ್ಟು ನೀವು ಬಿದ್ದ ಅಡಿಕೆ ಹೆಕ್ಕಿ.