ಕತ್ತರಿ ಹಿಡಿದವನಿಗೇಕೆ ದಂಡ?

ಮೈಸೂರಿನ ಬಸ್ ನಿಲ್ದಾಣಕ್ಕೆ ಹತ್ತಿರದ ಒಂದು ಕಟಿಂಗ್ ಶಾಪಿನಲ್ಲಿ ಭಾನುವಾರ ಬೆಳಿಗ್ಗೆ ಸರದಿಗಾಗಿ ಕಾಯುತ್ತಿದ್ದಾಗ, ನಂಜನಗೂಡಿನ ಕಡೆಯಿಂದ ಬಂದ ಮೂವರು ಹುಡುಗರು ನನ್ನ ಪಕ್ಕದ ಬೆಂಚಿನಲ್ಲಿ ಕುಳಿತಿದ್ದರು. ಕೂದಲು ಕತ್ತರಿಸಿಕೊಳ್ಳಲು ಇಷ್ಟು ದೂರ ಏಕೆ ಬಂದಿರಿ, ನಿಮ್ಮೂರಿನಲ್ಲಿ ಅಂಗಡಿ ಇಲ್ಲವೇ ಎಂದು ಕೇಳಿದೆ. ಅವರಲ್ಲಿ ಹಿರಿಯವನು ಮೊಬೈಲಿನಿಂದ ತಲೆಯೆತ್ತದೆ, "ಅಂಗಡಿ ಐತೆ ಸಾರ್, ನಮಗಿಲ್ಲ ಅಷ್ಟೇ" ಎಂದ. ಅಂಗಡಿಯವನು ಕೆಟ್ಟವನೇ ಎಂದು ಮತ್ತೆ ಕೇಳಿದ್ದಕ್ಕೆ, "ಇಲ್ಲ ಸಾರ್, ಒಳ್ಳೆಯವ್ನೇ. ಅವ್ನಿಗೂ ಊರೋರ ಭಯ" ಎಂದು ಬಸ್ಸಿನ ಟಿಕೆಟ್ಟನ್ನು ಬೆರಳಿಗೆ ಸುತ್ತತೊಡಗಿದ.

ಅಸ್ಪೃಶ್ಯತೆಯನ್ನು ನಾವು ಸಾಮಾನ್ಯವಾಗಿ ಮನಸ್ಸಿನ ರೋಗವೆಂದು ಭಾವಿಸುತ್ತೇವೆ. ಮನಸ್ಸುಗಳು ಒಂದೊಂದಾಗಿ ಬದಲಾದರೆ ಆಚರಣೆಯೂ ತಾನಾಗಿ ಅಳಿಯುತ್ತದೆಂದು ನಂಬುತ್ತೇವೆ. ಆ ಹುಡುಗನ ಮಾತು ಈ ನಂಬಿಕೆಗೆ ಅಡ್ಡ ಬರುತ್ತದೆ. ಒಳ್ಳೆಯವನೊಬ್ಬ ತಾನು ನಂಬದ ಕಟ್ಟಳೆಯನ್ನು ಪ್ರತಿದಿನ ಪಾಲಿಸುತ್ತಿದ್ದಾನೆ ಎಂದರೆ, ಕಟ್ಟಳೆಯ ಬಲ ಅವನ ಮನಸ್ಸಿನಲ್ಲಿಲ್ಲ, ಬೇರೆಲ್ಲೋ ಇದೆ.

ಅದು ಎಲ್ಲಿದೆ ಎಂಬುದನ್ನು 1976ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ ಒಂದು ಪ್ರಬಂಧದಲ್ಲಿ ವಿವರಿಸಿದರು. ಜಾತಿಯ ಕಟ್ಟಳೆ ಮುರಿದವನಿಗೆ ಬಹಿಷ್ಕಾರ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಬಹಿಷ್ಕಾರವನ್ನು ಪಾಲಿಸದೆ ಅವನೊಡನೆ ವ್ಯವಹರಿಸಿದವನಿಗೂ ಬಹಿಷ್ಕಾರ ಬೀಳುತ್ತದೆ ಎಂಬುದು ಅವರ ವಾದದ ಕೀಲಿ. ಈ ಎರಡನೆಯ ಭಯ ಒಂದಿದ್ದರೆ ಸಾಕು, ಕಟ್ಟಳೆಯನ್ನು ಮನಸಾರೆ ಒಪ್ಪುವವರು ಊರಿನಲ್ಲಿ ಬೆರಳೆಣಿಕೆಯಷ್ಟಿದ್ದರೂ ಅದು ನಡೆದುಕೊಂಡು ಹೋಗುತ್ತದೆ. 2011-12ರ ರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ ತಮ್ಮ ಮನೆಯಲ್ಲಿ ಅಸ್ಪೃಶ್ಯತೆಯ ಆಚರಣೆ ಇದೆಯೆಂದು ಒಪ್ಪಿಕೊಂಡ ಕುಟುಂಬಗಳು ಶೇಕಡ 27ರಷ್ಟು ಮಾತ್ರ. ಉಳಿದವರಲ್ಲಿ ಸುಳ್ಳು ಹೇಳಿದವರೂ ಇದ್ದಾರು. ಆದರೆ ಎಲ್ಲರೂ ನಿಜವನ್ನೇ ಹೇಳಿದ್ದರೂ ಆ ಹುಡುಗರು ಬಸ್ಸು ಹತ್ತುವುದು ತಪ್ಪುತ್ತಿರಲಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಊರಿನಲ್ಲಿ ಮೂರು ಕ್ಷೌರದಂಗಡಿ, ಒಂದೊಂದಕ್ಕೂ ಮೇಲಿನ ಬೀದಿಗಳ 200 ಮನೆಯ ಗಿರಾಕಿ, ಕೇರಿಯಲ್ಲಿ 60 ಮನೆ ಇವೆಯೆಂದು ಇಟ್ಟುಕೊಳ್ಳಿ. ಒಂದೊಂದು ಮನೆಯೂ ಕ್ಷೌರಕ್ಕೆ ತಿಂಗಳಿಗೆ 100 ರೂಪಾಯಿ ಕೊಡುತ್ತದೆ. ಒಬ್ಬ ಅಂಗಡಿಯವನು ಮಾತ್ರ ಕೇರಿಯವರಿಗೂ ಕತ್ತರಿ ಹಿಡಿದರೆ ಅವನಿಗೆ 6,000 ರೂಪಾಯಿ ಹೆಚ್ಚುವರಿ ಆದಾಯ. ಬಹಿಷ್ಕಾರ ಬಿದ್ದರೆ 20,000 ರೂಪಾಯಿ ನಷ್ಟ, ಅದರ ಮೇಲೆ ದಂಡ. ಇಷ್ಟಕ್ಕೇ ಅವನ ತೀರ್ಮಾನ ಮುಗಿದುಹೋಗುತ್ತದೆ. ಅದೇ ಊರಿನ ಮೂರು ಅಂಗಡಿಗಳೂ ಒಂದೇ ದಿನ ಎಲ್ಲರಿಗೂ ಬಾಗಿಲು ತೆರೆದರೆ ಲೆಕ್ಕ ತಿರುಗುತ್ತದೆ. ಆಗ ಬಹಿಷ್ಕಾರ ಹಾಕಿದವರೇ ಬಸ್ಸು ಹತ್ತಿ, ಅರ್ಧ ದಿನ ಕಳೆದು, ಪಟ್ಟಣಕ್ಕೆ ಹೋಗಬೇಕು. ಅಂಥ ಬಹಿಷ್ಕಾರ ಬಹಳ ದಿನ ನಿಲ್ಲುವುದಿಲ್ಲ. ತೊಡಕಿರುವುದು ಮೊದಲನೆಯವನು ಯಾರಾಗಬೇಕು ಎಂಬುದರಲ್ಲಿ. ಉಳಿದ ಇಬ್ಬರು ಬಾಗಿಲು ತೆರೆಯುತ್ತಾರೆಂಬ ಭರವಸೆ ಇಲ್ಲದೆ ಯಾರೂ ಮುಂದಾಗುವುದಿಲ್ಲ.

ಇದು ಬರೀ ಕಾಗದದ ಲೆಕ್ಕವಲ್ಲ. 2020ರಲ್ಲಿ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪರಿಶಿಷ್ಟರ ಕೂದಲು ಕತ್ತರಿಸಿದ ಕ್ಷೌರಿಕರೊಬ್ಬರ ಕುಟುಂಬಕ್ಕೆ ಬಹಿಷ್ಕಾರ ಹಾಕಿ, 50,000 ರೂಪಾಯಿ ದಂಡ ವಿಧಿಸಲಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ದಂಡ ಬಿದ್ದದ್ದು ಕೂದಲು ಕತ್ತರಿಸಿಕೊಂಡವರಿಗಲ್ಲ, ಕತ್ತರಿಸಿದವರಿಗೆ. ಅಕರ್‌ಲಾಫ್ ಹೇಳಿದ ಎರಡನೆಯ ಭಯ ಎಂದರೆ ಇದೇ. ನಮ್ಮ ಕಾನೂನಿಗೂ ಇದು ಹೊಸ ವಿಷಯವೇನಲ್ಲ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯೆಂದು ಬಂದು, 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯೆಂದು ಹೆಸರು ಬದಲಾದ ಶಾಸನದ 7ನೆಯ ಕಲಮಿನ ಎರಡನೆಯ ಉಪಕಲಮು, ಅಸ್ಪೃಶ್ಯತೆ ಆಚರಿಸಲು ಒಪ್ಪದ ವ್ಯಕ್ತಿಯನ್ನು ಅವನ ಸಮುದಾಯದವರೇ ಬಹಿಷ್ಕರಿಸಿದರೆ ಅದನ್ನೂ ಅಪರಾಧವೆನ್ನುತ್ತದೆ. ಶಿಕ್ಷೆ ಒಂದರಿಂದ ಆರು ತಿಂಗಳ ಸೆರೆವಾಸ, ಜೊತೆಗೆ ಹೆಚ್ಚೆಂದರೆ 500 ರೂಪಾಯಿ ದಂಡ. ಊರು ಹಾಕುವ ದಂಡದ ಮುಂದೆ ಈ 500 ರೂಪಾಯಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಓದುಗರೇ ನೋಡಬಹುದು. ಸೆರೆವಾಸವೇನೋ ಸಣ್ಣದಲ್ಲ, ಆದರೆ ಅದಕ್ಕೆ ಸಾಕ್ಷಿ ಬೇಕು. ಸಾಕ್ಷಿ ಹೇಳಬೇಕಾದವನೂ ಅದೇ ಊರಿನಲ್ಲಿ ಬಾಳಬೇಕು.

ಕೇರಿಯ ಕಡೆಯಿಂದ ನೋಡಿದರೂ ತೊಡಕು ಇದೇ ಬಗೆಯದು. ದೂರು ಕೊಟ್ಟು ಗೆದ್ದರೆ ಫಲ ಅರವತ್ತು ಮನೆಗೂ ಸಲ್ಲುತ್ತದೆ, ಪೆಟ್ಟು ಬೀಳುವುದು ಮಾತ್ರ ದೂರಿಗೆ ಸಹಿ ಹಾಕಿದವನಿಗೆ. ಮಗ ಮೈಸೂರಿನ ಕಾರ್ಖಾನೆಯಲ್ಲಿ ದುಡಿಯುವ ಮನೆಯವರು ಧೈರ್ಯ ಮಾಡಿಯಾರು. ಗೌಡರ ಗದ್ದೆಯಲ್ಲಿ ಕೂಲಿ ಮಾಡುತ್ತಾ ಅವರಲ್ಲೇ ಸಾಲ ಮಾಡಿದವರು ಹೇಗೆ ಮಾಡಿಯಾರು? ಇಲ್ಲಿ ಸಂಘಟನೆಯ ಕೆಲಸ ಜನರಿಗೆ ಅನ್ಯಾಯವನ್ನು ತಿಳಿಸಿಕೊಡುವುದಲ್ಲ, ಅದು ಅವರಿಗೆ ಗೊತ್ತೇ ಇದೆ. ಪೆಟ್ಟನ್ನು ಹಂಚುವುದೇ ಅದರ ಕೆಲಸ.

ಕರ್ನಾಟಕದಲ್ಲಿ ಆ ಕೆಲಸ ದೊಡ್ಡದಾಗಿ ಶುರುವಾದದ್ದಕ್ಕೆ ಮೈಸೂರಿನಲ್ಲೇ ಒಂದು ಕಿಡಿ ಹೊತ್ತಿತ್ತು. 1973ರ ನವೆಂಬರಿನಲ್ಲಿ ಇಲ್ಲಿನ ಸಭೆಯೊಂದರಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಗಲಭೆಗಳಾದವು, ಅವರು ಸಚಿವ ಸ್ಥಾನ ಬಿಡಬೇಕಾಯಿತು. ದನದ ಮೇವಿನ ಹೆಸರಿನಲ್ಲಿ ನಡೆದ ಆ ಜಗಳ, ಚದುರಿಹೋಗಿದ್ದ ದಲಿತ ವಿದ್ಯಾರ್ಥಿಗಳನ್ನೂ ಬರಹಗಾರರನ್ನೂ ಒಂದೆಡೆ ಸೇರಿಸಿತು. ಮುಂದೆ ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮೊದಲಾದವರಿದ್ದ ದಲಿತ ಸಂಘರ್ಷ ಸಮಿತಿ ಬೆಳೆದು, ತಾಲ್ಲೂಕುಗಳಲ್ಲಿ ಶಾಖೆಗಳು ಹುಟ್ಟಿದವು. ಹಾಡು, ಜಾಥಾ, ಧರಣಿಗಳನ್ನು ಪ್ರಚಾರದ ಸಾಧನವೆಂದಷ್ಟೇ ನೋಡುವುದು ಸಾಲದು ಎಂಬುದು ನನ್ನ ಅನಿಸಿಕೆ. ತಮಟೆ ಬಡಿಯುತ್ತಾ ಹತ್ತು ಊರಿನ ಜನ ಒಂದು ಕೇರಿಗೆ ಬಂದರೆ, ಆ ಕೇರಿಯವರಿಗೂ ಮೇಲಿನ ಬೀದಿಯವರಿಗೂ ಒಂದೇ ಸಂಗತಿ ಏಕಕಾಲಕ್ಕೆ ತಿಳಿಯುತ್ತದೆ: ನಾಳೆ ಇಲ್ಲಿ ಏನಾದರೂ ನಡೆದರೆ ಕೇಳುವವರಿದ್ದಾರೆ. ಮೊದಲನೆಯವನು ಹೆಜ್ಜೆ ಇಡಲು ಬೇಕಾದ ಭರವಸೆ ಅದೇ.

ಕಾಲವೂ ಮುಖ್ಯ. ಮಂಡ್ಯದ ನಾಲಾ ಬಯಲಿನಲ್ಲಿ ಬೇಸಿಗೆಯಲ್ಲಿ ಕೂಲಿ ನಿಲ್ಲಿಸಿ ಕೇರಿಯನ್ನು ಬಗ್ಗಿಸುವುದು ಸುಲಭ. ನಾಟಿಯ ಹೊತ್ತಿಗೆ ಹಾಗಲ್ಲ. ಒಟ್ಲಿನಲ್ಲಿರುವ ಪೈರು ಮೂರು ನಾಲ್ಕು ವಾರದಲ್ಲಿ ಗದ್ದೆಗೆ ಬೀಳಬೇಕು, ಬಲಿತ ಪೈರು ನೆಟ್ಟರೆ ಇಳುವರಿ ಕುಗ್ಗುತ್ತದೆ. ಆ ಕೆಲವು ದಿನ ಗದ್ದೆಯ ಒಡೆಯನಿಗೇ ಆತುರ. ಹೊರಗಿನಿಂದ ಕೂಲಿಯವರನ್ನೋ ನಾಟಿ ಯಂತ್ರವನ್ನೋ ತರಿಸಿದರೆ ಈ ಬಲವೂ ಕರಗುತ್ತದೆ.

ಗೆಲುವನ್ನು ಅಳೆಯುವಾಗ ಮೋಸ ಹೋಗುವುದು ಸುಲಭ. ಟೀ ಅಂಗಡಿಗಳ ಎರಡು ಲೋಟದ ಪದ್ಧತಿ ಹೋಯಿತೆಂದು ನಾನೂ ಒಮ್ಮೆ ಬರೆದಿದ್ದೆ. ಆಮೇಲೆ ಮಂಡ್ಯದ ಕಡೆಯ ಒಂದು ಹೋಟೆಲಿನಲ್ಲಿ ಅರ್ಧ ಗಂಟೆ ಕುಳಿತು ನೋಡಿದಾಗ, ಸ್ಟೀಲಿನ ಲೋಟ ಕೆಲವರಿಗೆ ಕೇಳದೆಯೇ ಬರುತ್ತಿತ್ತು, ಕಾಗದದ ಕಪ್ಪು ಕೆಲವರಿಗೆ ಕೇಳದೆಯೇ ಬರುತ್ತಿತ್ತು. ಕಪ್ಪು ಎಸೆಯುವಂಥದ್ದಾದ್ದರಿಂದ ತೊಳೆಯುವ ಪ್ರಶ್ನೆಯೇ ಇಲ್ಲ, ಗೋಡೆಗೆ ನೇತುಹಾಕಿದ ಬೇರೆ ಲೋಟವೆಂಬ ಸಾಕ್ಷಿಯೂ ಇಲ್ಲ.

ಕ್ಷೌರದಂಗಡಿಯ ವಿಷಯದಲ್ಲಿ ತಹಶೀಲ್ದಾರರ ಶಾಂತಿಸಭೆ ನಡೆದ ದಿನವನ್ನು ನಂಬಬಾರದು. ಅಂದು ಪೊಲೀಸರ ಎದುರು ಎಲ್ಲರ ಕೂದಲೂ ಕತ್ತರಿಸಲ್ಪಡುತ್ತದೆ, ಫೋಟೋ ಪತ್ರಿಕೆಗೆ ಹೋಗುತ್ತದೆ. ನೋಡಬೇಕಾದದ್ದು ಮೂರು ತಿಂಗಳ ನಂತರದ ಭಾನುವಾರವನ್ನು. ನನ್ನ ಪಕ್ಕ ಕುಳಿತಿದ್ದ ಹುಡುಗರ ಊರಿನಲ್ಲೂ ಅಂಥ ಸಭೆ ಆಗಿತ್ತಂತೆ. ಅದಾದ ಮೇಲೆ ಅಂಗಡಿ ರಿಪೇರಿಗೆಂದು ಮುಚ್ಚಿತು. ಕ್ಷೌರಿಕ ಈಗ ಬೆಳಿಗ್ಗೆ ಮೇಲಿನ ಬೀದಿಯ ಮನೆಮನೆಗೆ ಹೋಗಿ ಕೂದಲು ಕತ್ತರಿಸಿ ಬರುತ್ತಾನೆ.